ಕೆಳಗೆಳೆದರೂ ಇಳಿಯದ ಪರದೆ: ದೊಡ್ಡ ಫೋನನ್ನು ಒಂದೇ ಕೈಯಲ್ಲಿ ಬಳಸುವಾಗಿನ ದೋಷ ಹುಡುಕುವ ಬಗೆ

ನನ್ನ ಅಕ್ಕನ ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿದ್ದಿತ್ತು. ಅವಳ ಫೋನಿನ ಪರದೆ 6.8 ಇಂಚಿನದು. ಎರಡು ಕೈ ಇದ್ದಾಗ ಅದು ದೊಡ್ಡದು ಅಂತ ಅವಳಿಗೆ ಅನ್ನಿಸಿರಲೇ ಇಲ್ಲ. ಒಂದು ಕೈ ಆದ ಮೇಲೆ ಪರದೆಯ ಮೇಲ್ಭಾಗ ಹೆಬ್ಬೆರಳಿಗೆ ಸಿಗದ ಊರಾಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನವೇ ನಾನು ಅವಳ ಫೋನಿನಲ್ಲಿ One-handed mode ಹಾಕಿಕೊಟ್ಟಿದ್ದೆ. ಪರದೆಯ ತಳದ ಗೆರೆಯ ಮೇಲೆ ಬೆರಳಿಟ್ಟು ಕೆಳಕ್ಕೆ ಜಾರಿಸಿದರೆ ಇಡೀ ಪರದೆ ಅರ್ಧಕ್ಕೆ ಇಳಿಯುತ್ತದೆ, ಮೇಲಿದ್ದದ್ದು ಕೈಗೆ ಸಿಗುತ್ತದೆ. ನಾಲ್ಕು ದಿನ ಎಲ್ಲ ಚೆನ್ನಾಗಿತ್ತು. ಐದನೇ ದಿನ ಫೋನ್ ಬಂತು.

“ಲೋ, ನೀನು ಹಾಕಿಕೊಟ್ಟಿದ್ದು ಕೆಟ್ಟುಹೋಯ್ತು ಕಣೋ. ಎಷ್ಟು ಎಳೆದರೂ ಪರದೆ ಇಳೀತಾನೇ ಇಲ್ಲ.”

ಈ ದೂರು ಹೊಸದೇನಲ್ಲ. ದೊಡ್ಡ ಫೋನ್ ಇರುವ ಹಲವರಿಂದ ಇದನ್ನೇ ಕೇಳಿದ್ದೇನೆ. ಸಾಮಾನ್ಯವಾಗಿ ಎಲ್ಲರೂ One-handed mode ಪುಟಕ್ಕೆ ಹೋಗಿ ಅಲ್ಲಿನ ಗುಂಡಿಯನ್ನು ಆನ್, ಆಫ್, ಆನ್ ಮಾಡಿ ಸೋಲುತ್ತಾರೆ. ದೋಷ ಬಹಳ ಸಲ ಆ ಪುಟದಲ್ಲಿ ಇರುವುದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ನ್ಯಾವಿಗೇಶನ್ ಶೈಲಿ, ಒಂದು ಕೈ ಬಳಕೆ, ಮೇಲಿನ ಅಂಚಿನಿಂದ ಎಳೆದಾಗ ಕಾಣುವ ಕ್ವಿಕ್ ಸೆಟ್ಟಿಂಗ್ಸ್ ಟೈಲ್‌ಗಳು ಮೂರು ಬೇರೆ ಬೇರೆ ಪುಟಗಳಲ್ಲಿ ಕಂಡರೂ ಒಳಗೊಳಗೆ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಮೊದಲನೆಯದನ್ನು ಬದಲಿಸಿದರೆ ಎರಡನೆಯದು ಮಾತಿಲ್ಲದೆ ನಿಲ್ಲುತ್ತದೆ. ಮೂರನೆಯದನ್ನು ಅರಿಯದೆ ಮುಟ್ಟಿದರೂ ಎರಡನೆಯದು ನಿಲ್ಲುತ್ತದೆ. ಆದ್ದರಿಂದ ನಾನು ಹುಡುಕುವುದು ಇದೇ ಸಾಲಿನಲ್ಲಿ: ಮೊದಲು ನ್ಯಾವಿಗೇಶನ್, ಆಮೇಲೆ ಒಂದು ಕೈ, ಕೊನೆಗೆ ಟೈಲ್.

ಇಲ್ಲಿ ಹೇಳುವುದೆಲ್ಲ ಆಂಡ್ರಾಯ್ಡ್ 12 ಮತ್ತು ನಂತರದ, ಕಂಪನಿಯ ಹೆಚ್ಚುವರಿ ವೇಷವಿಲ್ಲದ ಫೋನುಗಳ ಲೆಕ್ಕ. ಈ ಸೌಲಭ್ಯ ಮೂಲ ಆಂಡ್ರಾಯ್ಡ್‌ಗೆ ಬಂದದ್ದೇ 12ರಲ್ಲಿ. ಸ್ಯಾಮ್‌ಸಂಗ್‌ನಂಥ ಫೋನುಗಳದ್ದು ಬೇರೆ ದಾರಿ. ಅದು ಆಮೇಲೆ.

ಮೊದಲು ಕೇಳಬೇಕಾದ ಪ್ರಶ್ನೆ

“ಅಕ್ಕಾ, ಪರದೆಯ ತೀರಾ ಕೆಳಗೆ ಏನು ಕಾಣ್ತಿದೆ ನೋಡಿ ಹೇಳು” ಅಂದೆ.

“ಏನಿರತ್ತೆ? ಒಂದು ತ್ರಿಕೋನ, ಒಂದು ವೃತ್ತ, ಒಂದು ಚೌಕ.”

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ನಾಲ್ಕು ದಿನದ ಹಿಂದೆ ಅಲ್ಲಿ ಇದ್ದದ್ದು ಒಂದು ತೆಳು ಅಡ್ಡ ಗೆರೆ. ಯಾರೋ ನ್ಯಾವಿಗೇಶನ್ ಶೈಲಿಯನ್ನು ಬದಲಿಸಿದ್ದಾರೆ.

ತಳದಲ್ಲಿ ಅಡ್ಡ ಗೆರೆ ಇದ್ದರೆ ಅದು ಗೆಸ್ಚರ್ ನ್ಯಾವಿಗೇಶನ್, ಅಂದರೆ ಬೆರಳು ಜಾರಿಸಿ ಓಡಾಡುವ ಶೈಲಿ. ಇದು ಬಂದದ್ದು 2019ರ ಆಂಡ್ರಾಯ್ಡ್ 10ರಲ್ಲಿ. ಮೂರು ಚಿಹ್ನೆ ಇದ್ದರೆ ಹಳೆಯ ಮೂರು ಬಟನ್ ಶೈಲಿ. ಪರದೆಯನ್ನು ಕೆಳಗಿಳಿಸುವ ಜಾರಿಕೆ ಗೆಸ್ಚರ್ ಶೈಲಿಯ ಒಂದು ಭಾಗ. ಮೂರು ಬಟನ್ ಶೈಲಿಯಲ್ಲಿ ತಳದಲ್ಲಿ ಆ ಜಾರಿಕೆಯನ್ನು ಗಮನಿಸುವವರೇ ಯಾರೂ ಇರುವುದಿಲ್ಲ. One-handed mode ಪುಟದಲ್ಲೇ ಚಿಕ್ಕ ಅಕ್ಷರದಲ್ಲಿ ಈ ಮಾತು ಬರೆದಿರುತ್ತದೆ, ಅದನ್ನು ಓದುವವರು ಕಡಿಮೆ. ಇನ್ನೊಂದು ಸಂಗತಿ: ನೀವು ಮೂರು ಬಟನ್ ಶೈಲಿಗೆ ಹೋದಾಗ ಫೋನು ‘ಇನ್ನು ಮುಂದೆ ಪರದೆ ಇಳಿಯುವುದಿಲ್ಲ’ ಎಂದು ಎಚ್ಚರಿಸುವುದಿಲ್ಲ. ಸೌಲಭ್ಯ ಆನ್ ಇದ್ದ ಹಾಗೇ ಇರುತ್ತದೆ, ಅದನ್ನು ಕರೆಯುವ ದಾರಿ ಮಾತ್ರ ಮುಚ್ಚಿಹೋಗಿರುತ್ತದೆ.

ಶೈಲಿ ಬದಲಿಸುವ ಪುಟದ ಜಾಗ ಆವೃತ್ತಿಯಿಂದ ಆವೃತ್ತಿಗೆ ಅಲೆದಾಡಿದೆ. ಹಾಗಾಗಿ ದಾರಿ ಬಾಯಿಪಾಠ ಮಾಡುವುದಕ್ಕಿಂತ Settings ತೆರೆದು ಮೇಲಿನ ಹುಡುಕು ಪೆಟ್ಟಿಗೆಯಲ್ಲಿ `navigation` ಎಂದು ಟೈಪ್ ಮಾಡುವುದು ಬೇಗ. ಅಕ್ಕನ ಫೋನಿನಲ್ಲಿ ಅದು ಸಿಸ್ಟಮ್ ವಿಭಾಗದ ಒಳಗಿತ್ತು. ಅಲ್ಲಿ Gesture navigation ಆರಿಸಿಸಿದೆ. ತಳದಲ್ಲಿ ಗೆರೆ ಬಂತು.

“ಈಗ ಎಳೆದು ನೋಡು.”

“ಇಲ್ವಲ್ಲೋ. ಈಗಲೂ ಇಲ್ಲ.”

ಇಲ್ಲಿ ಹಲವರು ತಾಳ್ಮೆ ಕಳೆದುಕೊಂಡು ಫೋನನ್ನು ರೀಸ್ಟಾರ್ಟ್ ಮಾಡುತ್ತಾರೆ. ಅದಕ್ಕೂ ಮುಂಚೆ, ಒಂದೇ ಲಕ್ಷಣದ ಹಿಂದೆ ಎರಡು ಕಾರಣ ಇರಬಹುದು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮೊದಲನೆಯದನ್ನು ಸರಿಪಡಿಸಿದರೂ ಲಕ್ಷಣ ಹೋಗಲಿಲ್ಲ ಎಂದ ಮಾತ್ರಕ್ಕೆ ಮಾಡಿದ್ದು ತಪ್ಪಾಯಿತು ಅಂತಲ್ಲ. ಗೆರೆಯನ್ನು ಹಾಗೇ ಬಿಟ್ಟು ಮುಂದಿನ ಹಂತಕ್ಕೆ ಹೋದೆವು.

ಎಳೆಯುವುದು ಎಲ್ಲಿಂದ, ಯಾವಾಗ

ಎರಡನೇ ಕಾರಣಕ್ಕೆ ಕೈ ಹಾಕುವ ಮೊದಲು ಎಳೆಯುವ ರೀತಿ ಸರಿ ಇದೆಯೇ ಎಂದು ನೋಡಿಕೊಳ್ಳಬೇಕು. ಇದು ಸೆಟ್ಟಿಂಗ್‌ನ ದೋಷವಲ್ಲ, ಆದರೆ ಲಕ್ಷಣ ಒಂದೇ.

ಜಾರಿಕೆ ಶುರುವಾಗಬೇಕಾದದ್ದು ಆ ಗೆರೆಯ ಮೇಲೆಯೇ. ಅಲ್ಲಿಂದ ಪರದೆಯ ಅಂಚಿನವರೆಗೆ ಉಳಿದಿರುವ ಜಾಗ ತೀರಾ ಚಿಕ್ಕದು, ಬೆರಳಿನ ತುದಿಯಷ್ಟೂ ಇಲ್ಲ. ಗೆರೆಗಿಂತ ಒಂದು ಸೆಂಟಿಮೀಟರ್ ಮೇಲಿನಿಂದ ಎಳೆದರೆ ಅದು ಒಳಗಿನ ಆ್ಯಪ್‌ಗೆ ಹೋಗುತ್ತದೆ, ಪಟ್ಟಿ ಸರಿಯುತ್ತದೆ ಅಷ್ಟೇ. ದಪ್ಪ ಅಂಚಿನ ಕವರ್ ಹಾಕಿದ ಫೋನಿನಲ್ಲಿ ಹೆಬ್ಬೆರಳು ಗೆರೆಯವರೆಗೆ ಇಳಿಯುವುದೇ ಕಷ್ಟ. ನನ್ನ ಅನುಭವದಲ್ಲಿ ‘ಒಮ್ಮೊಮ್ಮೆ ಬರುತ್ತೆ, ಒಮ್ಮೊಮ್ಮೆ ಬರಲ್ಲ’ ಎನ್ನುವ ದೂರಿಗೆ ಕವರ್ ತೆಗೆದು ಹತ್ತು ಸಲ ಎಳೆದು ನೋಡುವುದೇ ಮೊದಲ ಪರೀಕ್ಷೆ. ಕವರ್ ಇಲ್ಲದಾಗ ಹತ್ತಕ್ಕೆ ಹತ್ತು ಬಂದರೆ ಉತ್ತರ ಸಿಕ್ಕಿತು.

ಕವರ್ ತೆಗೆದರೂ ತಪ್ಪುತ್ತಿದ್ದರೆ ಗಾಜಿನ ಮೇಲೆ ಅನುಮಾನ. ಅದನ್ನು ನೋಡಲು ಡೆವಲಪರ್ ಆಯ್ಕೆಗಳಲ್ಲಿ Pointer location ಎಂಬುದಿದೆ. ಆನ್ ಮಾಡಿದರೆ ಬೆರಳು ಹೋದ ದಾರಿ ಗೆರೆಯಾಗಿ ಪರದೆಯ ಮೇಲೆ ಮೂಡುತ್ತದೆ. ತಳದ ಅಂಚಿನ ಹತ್ತಿರ ಆ ಗೆರೆ ತುಂಡಾಗುತ್ತಿದ್ದರೆ ಅಥವಾ ಶುರುವೇ ಆಗದಿದ್ದರೆ ಸ್ಕ್ರೀನ್ ಗಾರ್ಡ್ ಅಥವಾ ಗಾಜಿನದೇ ತೊಂದರೆ. ಯಾವ ಸೆಟ್ಟಿಂಗೂ ಅದನ್ನು ರಿಪೇರಿ ಮಾಡದು.

ಇನ್ನು, ಸರಿಯಾಗಿ ಎಳೆದರೂ ಇಳಿಯಬಾರದ ಸಂದರ್ಭಗಳೂ ಇವೆ. ಫೋನು ಅಡ್ಡ ಇದ್ದಾಗ ಪರದೆ ಇಳಿಯುವುದಿಲ್ಲ, ಈ ಸೌಲಭ್ಯ ನಿಂತ ಪರದೆಗೆ ಮಾತ್ರ. ಲಾಕ್ ಸ್ಕ್ರೀನಿನಲ್ಲೂ ಇಳಿಯುವುದಿಲ್ಲ. ಇಡೀ ಪರದೆ ತುಂಬಿಕೊಳ್ಳುವ ಆಟ, ವಿಡಿಯೊಗಳಲ್ಲಿ ತಳದ ಗೆರೆ ಅಡಗಿರುತ್ತದೆ, ಮೊದಲು ಮೇಲಕ್ಕೆ ಜಾರಿಸಿ ಅದನ್ನು ಕರೆದು ಆಮೇಲೆ ಎಳೆಯಬೇಕಾಗುತ್ತದೆ. ಹಾಗಾಗಿ ಪರೀಕ್ಷೆ ಮಾಡುವಾಗ ಯಾವಾಗಲೂ ಫೋನನ್ನು ನಿಲ್ಲಿಸಿ ಹಿಡಿದು, ಹೋಮ್ ಸ್ಕ್ರೀನಿನಲ್ಲೇ ಮಾಡಿ. ಅಕ್ಕ ಹೋಮ್ ಸ್ಕ್ರೀನಿನಲ್ಲೇ ಇದ್ದಳು, ಅವಳ ಕವರ್ ತೆಳುವಿನದು. ಹಾಗಾಗಿ ಇದು ಕೈಯ ತಪ್ಪಲ್ಲ.

ಟೈಲ್ ಮಾಡಿದ ಮೋಸ

ಈಗ ಒಂದು ಕೈ ಪುಟ. Settings ಹುಡುಕು ಪೆಟ್ಟಿಗೆಯಲ್ಲಿ `one-handed` ಎಂದು ಹೊಡೆದರೆ ಸಾಕು. ಅಲ್ಲಿ ನೋಡಬೇಕಾದದ್ದು ಎರಡು. ಮುಖ್ಯ ಗುಂಡಿ ಆನ್ ಇದೆಯೇ ಎಂಬುದು ಒಂದು. ಅದರ ಕೆಳಗಿನ ಎರಡು ಆಯ್ಕೆಗಳಲ್ಲಿ ಯಾವುದು ಆರಿಸಲ್ಪಟ್ಟಿದೆ ಎಂಬುದು ಇನ್ನೊಂದು.

ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ತಳದಿಂದ ಎಳೆಯುವ ಆ ಒಂದೇ ಜಾರಿಕೆಗೆ ಎರಡು ಕೆಲಸ ಒಪ್ಪಿಸಬಹುದು: ಪರದೆಯನ್ನು ಕೆಳಗಿಳಿಸುವುದು, ಇಲ್ಲವೇ ನೋಟಿಫಿಕೇಶನ್ ಪಟ್ಟಿಯನ್ನು ಇಳಿಸುವುದು. ಎರಡರಲ್ಲಿ ಒಂದು ಮಾತ್ರ. ಎಳೆದಾಗ ಪರದೆ ಇಳಿಯುವ ಬದಲು ನೋಟಿಫಿಕೇಶನ್‌ಗಳು ಬಂದರೆ ಏನೂ ಕೆಟ್ಟಿಲ್ಲ, ಆಯ್ಕೆ ಮಾತ್ರ ಆ ಕಡೆ ವಾಲಿದೆ. ಎಳೆದಾಗ ‘ಏನೂ’ ಆಗದಿದ್ದರೆ ಮುಖ್ಯ ಗುಂಡಿಯೇ ಆಫ್. ಲಕ್ಷಣದಲ್ಲಿನ ಈ ಚಿಕ್ಕ ವ್ಯತ್ಯಾಸವನ್ನು ದೂರು ಹೇಳುವವರು ಸಾಮಾನ್ಯವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಅಕ್ಕನ ಫೋನಿನಲ್ಲಿ ಏನೂ ಆಗುತ್ತಿರಲಿಲ್ಲ. ಪುಟ ತೆರೆಸಿದೆ. ಗುಂಡಿ ಆಫ್ ಆಗಿತ್ತು.

“ನಾನು ಆ ಪುಟಕ್ಕೆ ಹೋಗೇ ಇಲ್ಲ ಕಣೋ, ದೇವರಾಣೆ” ಅಂದಳು. ನಂಬಿದೆ. ಯಾಕೆಂದರೆ ಆಫ್ ಮಾಡಲು ಆ ಪುಟಕ್ಕೆ ಹೋಗಬೇಕಾಗಿಲ್ಲ. ತಪ್ಪು ನನ್ನದೇ ಆಗಿತ್ತು.

ಕ್ವಿಕ್ ಸೆಟ್ಟಿಂಗ್ಸ್‌ನಲ್ಲಿ One-handed mode ಹೆಸರಿನ ಒಂದು ಟೈಲ್ ಇದೆ. ಅನುಕೂಲವಾಗಲಿ ಎಂದು ನಾನೇ ಅದನ್ನು ಮೇಲಿನ ನಾಲ್ಕು ಟೈಲ್‌ಗಳಲ್ಲಿ ಇಟ್ಟಿದ್ದೆ. ಹೆಸರು ಕೇಳಿದವರಿಗೆ ಅದನ್ನು ಮುಟ್ಟಿದರೆ ಪರದೆ ಇಳಿಯುತ್ತದೆ ಅನ್ನಿಸುತ್ತದೆ. ಅದು ಹಾಗೆ ಮಾಡುವುದಿಲ್ಲ. ಆ ಟೈಲ್ ಸೌಲಭ್ಯದ ಮೇನ್ ಸ್ವಿಚ್ಚು, ಅಷ್ಟೇ. ಮುಟ್ಟಿದರೆ ಸೌಲಭ್ಯ ಆನ್ ಅಥವಾ ಆಫ್ ಆಗುತ್ತದೆ, ಪರದೆ ಇದ್ದಲ್ಲೇ ಇರುತ್ತದೆ. ಬಣ್ಣ ತುಂಬಿದ್ದರೆ ಆನ್, ಮಸುಕಾಗಿದ್ದರೆ ಆಫ್.

ಅಕ್ಕ ರಾತ್ರಿ ಟಾರ್ಚ್ ಹಾಕಲು ಹೋಗಿ ಪಕ್ಕದ ಟೈಲ್ ಮುಟ್ಟಿದ್ದಾಳೆ. ಏನೂ ಆಗಲಿಲ್ಲ ಎಂದು ಟಾರ್ಚ್ ಮುಟ್ಟಿ ಸುಮ್ಮನಾಗಿದ್ದಾಳೆ. ಬೆಳಿಗ್ಗೆಯಿಂದ ಪರದೆ ಇಳಿಯುತ್ತಿಲ್ಲ. ಟೈಲ್‌ನಿಂದಾಗುವ ದೋಷದ ಗುರುತೇ ಇದು: ಮುಟ್ಟಿದ ಕ್ಷಣದಲ್ಲಿ ಏನೂ ಕಾಣುವುದಿಲ್ಲ, ಪರಿಣಾಮ ಗಂಟೆಗಟ್ಟಲೆ ಆಮೇಲೆ ಕಾಣುತ್ತದೆ, ಅಷ್ಟರಲ್ಲಿ ಮುಟ್ಟಿದ್ದು ಮರೆತಿರುತ್ತದೆ.

ಗುಂಡಿ ಆನ್ ಮಾಡಿಸಿದೆ. ಎಳೆದಳು. ಪರದೆ ಇಳಿಯಿತು.

ಆದರೆ ಶೈಲಿ ಬದಲಾದದ್ದೇಕೆ?

ಇಲ್ಲಿಗೇ ಬಿಟ್ಟಿದ್ದರೆ ಎರಡು ದಿನದಲ್ಲಿ ಮತ್ತೆ ಫೋನ್ ಬರುತ್ತಿತ್ತು. ತ್ರಿಕೋನ, ವೃತ್ತ, ಚೌಕ ತಾನಾಗಿ ಬಂದಿರಲಿಲ್ಲ. ಕೇಳಿದಾಗ ಗೊತ್ತಾಯಿತು, ಅವಳ ಮಗಳು ಬದಲಿಸಿಕೊಟ್ಟಿದ್ದಳು. “ಮೆಸೇಜ್ ಬರೀತಾ ಇದ್ರೆ ತಾನಾಗೇ ಹಿಂದಕ್ಕೆ ಹೋಗ್ತಿತ್ತು ಕಣೋ, ಅದಕ್ಕೆ ಅವಳು ಬಟನ್ ಹಾಕಿಕೊಟ್ಟಳು.”

ಶೈಲಿ ಬದಲಾದದ್ದರ ಮೂಲ ಇದೇ.

ಗೆಸ್ಚರ್ ಶೈಲಿಯಲ್ಲಿ ಪರದೆಯ ಎಡ ಅಥವಾ ಬಲ ಅಂಚಿನಿಂದ ಒಳಕ್ಕೆ ಜಾರಿಸಿದರೆ ಹಿಂದಕ್ಕೆ ಹೋಗುತ್ತದೆ. ಎರಡೂ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಪಟ್ಟಿ ಇದಕ್ಕೆ ಮೀಸಲು. ದೊಡ್ಡ ಫೋನನ್ನು ಬಲಗೈಯಲ್ಲಿ ಹಿಡಿದು ಹೆಬ್ಬೆರಳನ್ನು ಎಡ ಮೇಲ್ಮೂಲೆಗೆ ಚಾಚಿ ನೋಡಿ. ಹೆಬ್ಬೆರಳಿನ ಬುಡದ ಮಾಂಸ ಬಲ ಅಂಚಿನ ಮೇಲೆ ಏರಿ ಒಳಕ್ಕೆ ಜರುಗುತ್ತದೆ. ಫೋನಿನ ಲೆಕ್ಕದಲ್ಲಿ ಅದೂ ಒಂದು ಜಾರಿಕೆಯೇ. ಎರಡು ಕೈ ಬಳಸುವಾಗ ಹೀಗೆ ಚಾಚುವ ಪ್ರಸಂಗವೇ ಬರುವುದಿಲ್ಲ, ಅದಕ್ಕೇ ಪ್ಲಾಸ್ಟರ್ ಬೀಳುವವರೆಗೆ ಅಕ್ಕನಿಗೆ ಈ ಕಾಟ ಇರಲಿಲ್ಲ.

ಇದನ್ನು ಖಚಿತ ಮಾಡಿಕೊಳ್ಳುವ ಉಪಾಯ ಸುಲಭ. ಹಿಂದಕ್ಕೆ ಹೋಗುವ ಜಾರಿಕೆ ಶುರುವಾದಾಗ ಆ ಅಂಚಿನಲ್ಲಿ ಒಂದು ಪುಟ್ಟ ಬಾಣ ಮೂಡುತ್ತದೆ. ಬಾಣ ಯಾವ ಬದಿಯಲ್ಲಿ ಮೂಡುತ್ತಿದೆ ಎಂದು ನೋಡಲು ಹೇಳಿದೆ. ಬಲಗೈಯಲ್ಲಿ ಹಿಡಿದಾಗ ಬಲದಲ್ಲೇ ಮೂಡುತ್ತಿತ್ತು. ಎಡದಲ್ಲಿ ಮೂಡಿದ್ದರೆ ಹಿಂದಿನಿಂದ ಸುತ್ತಿಕೊಂಡ ಬೆರಳ ತುದಿಗಳು ಕಾರಣ ಎನ್ನಬಹುದಿತ್ತು. ಬಾಣವೇ ಮೂಡದೆ ಆ್ಯಪ್ ಮುಚ್ಚಿಕೊಳ್ಳುತ್ತಿದ್ದರೆ ಅದು ಆ್ಯಪ್‌ನ ಬೇರೆಯದೇ ರೋಗ, ಇಲ್ಲಿನ ಮದ್ದು ಅದಕ್ಕೆ ನಾಟದು.

ಮದ್ದು ಇರುವುದು ನ್ಯಾವಿಗೇಶನ್ ಪುಟದಲ್ಲೇ. Gesture navigation ಪಕ್ಕದ ಹಲ್ಲಿನ ಚಕ್ರ ಮುಟ್ಟಿದರೆ ಹಿಂದಕ್ಕೆ ಹೋಗುವ ಸೂಕ್ಷ್ಮತೆಯ ಎರಡು ಜಾರುಪಟ್ಟಿಗಳು ಕಾಣುತ್ತವೆ: Left edge, Right edge. ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು, ನಮಗೆ ಬೇಕಾದದ್ದೂ ಅದೇ. ಅಕ್ಕನ ಫೋನಿನಲ್ಲಿ ಬಲದ್ದನ್ನು ಅತಿ ಕಡಿಮೆಗೆ ಇಳಿಸಿ, ಎಡದ್ದನ್ನು ಒಂದು ಹೆಜ್ಜೆ ಏರಿಸಿದೆವು. ಸೂಕ್ಷ್ಮತೆ ಇಳಿಸುವುದೆಂದರೆ ಆ ಅದೃಶ್ಯ ಪಟ್ಟಿಯನ್ನು ಸಣ್ಣದು ಮಾಡುವುದು. ಅತಿ ಕಡಿಮೆಗೆ ಇಳಿಸಿದರೂ ಅದು ಪೂರ್ತಿ ಸತ್ತುಹೋಗುವುದಿಲ್ಲ, ಅಪರೂಪಕ್ಕೊಮ್ಮೆ ಬಾಣ ಬಂದೇ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಒಂದು ಸಲ ಬಂದ ಕೂಡಲೇ ಮತ್ತೆ ಮೂರು ಬಟನ್ ಬಂದುಬಿಡುತ್ತದೆ.

ಇದರ ತಿರುವುಮುರುವು ದೂರೂ ಉಂಟು: ಒಂದು ಆ್ಯಪ್‌ನಲ್ಲಿ ಮಾತ್ರ, ಅಂಚಿನ ಒಂದು ತುಂಡಿನಲ್ಲಿ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಚಿತ್ರ ಕತ್ತರಿಸುವ ಪರದೆಯಂಥ ಕಡೆ, ಅಂಚಿನವರೆಗೆ ಎಳೆಯಬೇಕಾದ ಹಿಡಿಗಳಿಗಾಗಿ ಆ್ಯಪ್ ಅಂಚಿನ ಒಂದು ಭಾಗವನ್ನು ತನಗೆ ಬಿಟ್ಟುಕೊಡುವಂತೆ ಕೇಳಬಹುದು. ಆಂಡ್ರಾಯ್ಡ್ ಪ್ರತಿ ಅಂಚಿನಲ್ಲಿ 200 dp ಎತ್ತರದವರೆಗೆ, ಅಂದರೆ ಸುಮಾರು ಮೂರು ಸೆಂಟಿಮೀಟರ್, ಬಿಟ್ಟುಕೊಡುತ್ತದೆ. ಬೆರಳನ್ನು ಸ್ವಲ್ಪ ಮೇಲೆ ಅಥವಾ ಕೆಳಗೆ ಇಟ್ಟು ಜಾರಿಸಿದರೆ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಸರಿಪಡಿಸಲು ಏನೂ ಇಲ್ಲ.

ಮೂರು ಬಟನ್ನೇ ಬೇಕು ಎನ್ನುವವರಿಗೆ

ಜಾರಿಸುವ ಶೈಲಿ ಒಗ್ಗದವರೂ ಇದ್ದಾರೆ, ಅವರನ್ನು ಒತ್ತಾಯಿಸಬಾರದು. ಬೆರಳು ನಡುಗುವವರಿಗೆ ಬಟನ್ನೇ ವಾಸಿ. ಅಂಥವರಿಗೆ ಪರದೆ ಇಳಿಸುವ ಇನ್ನೊಂದು ದಾರಿ One-handed mode ಪುಟದಲ್ಲೇ ಇದೆ: ಶಾರ್ಟ್‌ಕಟ್. ಅದನ್ನು ಆನ್ ಮಾಡಿದರೆ ಪರದೆಯ ಮೇಲೆ ತೇಲುವ ಒಂದು ಬಟನ್ ಬರುವಂತೆ ಮಾಡಬಹುದು, ಅಥವಾ ಎರಡೂ ವಾಲ್ಯೂಮ್ ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿಯುವುದನ್ನು ಆರಿಸಬಹುದು. ಒಂದು ಕೈಗೆ ತೇಲುವ ಬಟನ್ನೇ ಸೂಕ್ತ. ಎರಡು ಕೀ ಒಟ್ಟಿಗೆ ಒತ್ತಲು ಹೋದರೆ ದೊಡ್ಡ ಫೋನು ಕೈಯಿಂದ ಜಾರುವುದೇ ಹೆಚ್ಚು.

ಟೈಲ್‌ಗೂ ಶಾರ್ಟ್‌ಕಟ್‌ಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಿ. ಟೈಲ್ ಸೌಲಭ್ಯವನ್ನು ಆನ್–ಆಫ್ ಮಾಡುತ್ತದೆ. ಶಾರ್ಟ್‌ಕಟ್ ಪರದೆಯನ್ನು ನಿಜವಾಗಿಯೇ ಇಳಿಸುತ್ತದೆ. ಹೆಸರು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಈ ಹೆಸರಿಟ್ಟವರಿಗೆ ಒಮ್ಮೆ ನಮ್ಮ ಅಕ್ಕನ ಕೈಲಿ ಫೋನ್ ಮಾಡಿಸಬೇಕು.

ಸ್ಯಾಮ್‌ಸಂಗ್ ಫೋನುಗಳಲ್ಲಿ ಈ ಗೊಂದಲ ಕಡಿಮೆ. ಅಲ್ಲಿ One-handed mode ಇರುವುದು Advanced features ಒಳಗೆ. ಪರದೆ ಕೆಳಗಿಳಿಯುವ ಬದಲು ಇಡೀ ಪರದೆಯೇ ಕುಗ್ಗಿ ಒಂದು ಮೂಲೆಗೆ ಕೂರುತ್ತದೆ. ಕರೆಯಲು ತಳದ ಅಂಚಿನ ನಡುವಿನಿಂದ ಕೆಳಕ್ಕೆ ಜಾರಿಸಬಹುದು, ಅಥವಾ ಬಟನ್ ಶೈಲಿ ಇದ್ದವರು ಹೋಮ್ ಬಟನ್ನನ್ನು ಎರಡು ಸಲ ತಟ್ಟುವುದನ್ನು ಆರಿಸಿಕೊಳ್ಳಬಹುದು. ಅಂದರೆ ಅಲ್ಲಿ ದೋಷ ಹುಡುಕುವಾಗ ‘ಶೈಲಿ ಯಾವುದು’ ಎಂಬುದರ ಜೊತೆಗೆ ‘ಕರೆಯುವ ವಿಧಾನ ಆ ಶೈಲಿಗೆ ಹೊಂದುತ್ತದೆಯೇ’ ಎಂದು ನೋಡಬೇಕು.

ಕಂಪ್ಯೂಟರ್ ಕೈಗೆ ಸಿಗುವುದಾದರೆ

ಫೋನಿನಲ್ಲಿ ಹೇಳಿಸಿ ಕೇಳಿಸಿ ಮಾಡುವುದರ ಬದಲು ಫೋನೇ ಎದುರಿಗಿದ್ದು, USB ಡೀಬಗ್ಗಿಂಗ್ ಆನ್ ಮಾಡಿ adb ಬಳಸಬಲ್ಲವರಾದರೆ ಮೂರು ಸಾಲಿನಲ್ಲಿ ಚಿತ್ರ ಸಿಗುತ್ತದೆ.

```
adb shell settings get secure navigation_mode
adb shell settings get secure one_handed_mode_enabled
adb shell settings get secure swipe_bottom_to_notification_enabled
```

ಮೊದಲನೆಯದಕ್ಕೆ `0` ಬಂದರೆ ಮೂರು ಬಟನ್, `2` ಬಂದರೆ ಗೆಸ್ಚರ್. `1` ಎಂಬುದು 2018ರ ಆಂಡ್ರಾಯ್ಡ್ 9 ತಂದ ಎರಡು ಬಟನ್ ಶೈಲಿ, ಈಗ ಕಾಣುವುದು ಅಪರೂಪ. ಎರಡನೆಯದಕ್ಕೆ `1` ಎಂದರೆ ಸೌಲಭ್ಯ ಆನ್. ಮೂರನೆಯದು `1` ಇದ್ದರೆ ಜಾರಿಕೆಗೆ ನೋಟಿಫಿಕೇಶನ್ ಕೆಲಸ ಒಪ್ಪಿಸಲಾಗಿದೆ ಎಂದರ್ಥ. `null` ಬಂದರೆ ಆ ಸೆಟ್ಟಿಂಗನ್ನು ಇದುವರೆಗೆ ಯಾರೂ ಮುಟ್ಟಿಲ್ಲ. ಪರದೆ ಇಳಿಯಬೇಕಾದ ಫೋನಿನಲ್ಲಿ ಮೊದಲೆರಡು ಉತ್ತರ `2`, `1` ಇರಬೇಕು, ಮೂರನೆಯದು `0` ಅಥವಾ `null`. ಅಕ್ಕನ ಫೋನನ್ನು ಆ ದಿನ ಹೀಗೆ ನೋಡಿದ್ದರೆ ಮೊದಲೆರಡೂ `0` ಬಂದಿರುತ್ತಿದ್ದವು, ಎರಡು ಕಾರಣಗಳೂ ಒಟ್ಟಿಗೇ ಕಣ್ಣಿಗೆ ಬೀಳುತ್ತಿದ್ದವು.

ಓದಲು ಮಾತ್ರ ಈ ದಾರಿ ಬಳಸಿ. `navigation_mode` ಸಂಖ್ಯೆಯನ್ನು ಇಲ್ಲಿಂದಲೇ ಬದಲಿಸಿ ಬರೆದರೆ ಶೈಲಿ ಬದಲಾಗುತ್ತದೆ ಎಂದುಕೊಳ್ಳಬೇಡಿ. ಶೈಲಿಯನ್ನು ನಿಜವಾಗಿ ನಡೆಸುವುದು ಬೇರೆ ಒಂದು ಪದರ, ಈ ಸಂಖ್ಯೆ ಅದರ ನೆರಳಷ್ಟೇ. ಬದಲಾವಣೆಯನ್ನು ಸೆಟ್ಟಿಂಗ್ಸ್ ಪುಟದಲ್ಲೇ ಮಾಡಿ. ತನ್ನದೇ ಒಂದು ಕೈ ವಿಧಾನ ಇರುವ ಕಂಪನಿಗಳ ಫೋನಿನಲ್ಲಿ ಕೊನೆಯ ಎರಡು ಸಾಲುಗಳ ಉತ್ತರಕ್ಕೆ ಅರ್ಥ ಹುಡುಕಬೇಡಿ.

ಟೈಲ್‌ಗಳನ್ನು ಎಲ್ಲಿಡಬೇಕು

ದೋಷ ಹೋದ ಮೇಲೆ ಟೈಲ್‌ಗಳ ಸಾಲನ್ನು ಮತ್ತೆ ಜೋಡಿಸಿಕೊಟ್ಟೆ. ಮೊದಲ ಸಲ ಯೋಚಿಸದೆ ಇಟ್ಟದ್ದೇ ಸೌಲಭ್ಯ ಆಫ್ ಆಗಲು ಕಾರಣವಾಗಿತ್ತಲ್ಲ.

ಅವಳ ಫೋನಿನಲ್ಲಿ ಒಮ್ಮೆ ಎಳೆದಾಗ ಎರಡು ಸಾಲಿನಲ್ಲಿ ನಾಲ್ಕು ಟೈಲ್ ಕಾಣುತ್ತವೆ. ಬಲಗೈ ಹೆಬ್ಬೆರಳಿಗೆ ಇವುಗಳಲ್ಲಿ ಹತ್ತಿರದ್ದು ಬಲಗಡೆ ಕೆಳಗಿನದು, ಅಂದರೆ ಪಟ್ಟಿಯ ನಾಲ್ಕನೆಯದು. ಎಡಗೈಯವರಿಗೆ ಮೂರನೆಯದು. ಎಲ್ಲರೂ ಹೆಚ್ಚು ಬಳಸುವುದನ್ನು ಮೊದಲ ಜಾಗಕ್ಕೆ ತರುತ್ತಾರೆ. ಬಲಗೈಯವರಿಗೆ ಅದು ನಾಲ್ಕರಲ್ಲಿ ಅತಿ ದೂರದ ಮೂಲೆ! ಟಾರ್ಚ್ ನಾಲ್ಕನೇ ಜಾಗಕ್ಕೆ ಹೋಯಿತು. ಅದರ ಪಕ್ಕದ ಮೂರನೇ ಜಾಗಕ್ಕೆ, ತಪ್ಪಿ ಮುಟ್ಟಿದರೂ ಕಣ್ಣಿಗೆ ಕಾಣುವಂಥದ್ದನ್ನು ಇಟ್ಟೆ: Internet. ಅದನ್ನು ಮುಟ್ಟಿದರೆ ಒಂದು ಪಟ್ಟಿ ತೆರೆಯುತ್ತದೆ, ಆದ ತಪ್ಪು ಕೂಡಲೇ ಗೊತ್ತಾಗುತ್ತದೆ. (ವೈಫೈ ಟೈಲ್ ಕಳೆದುಹೋಯಿತು ಎನ್ನುವವರಿಗೆ: ಆಂಡ್ರಾಯ್ಡ್ 12ರಲ್ಲಿ ವೈಫೈ, ಮೊಬೈಲ್ ಡೇಟಾ ಎರಡೂ ಈ ಒಂದರೊಳಗೆ ಸೇರಿಹೋದವು.) ಸದ್ದಿಲ್ಲದೆ ಬದಲಾಗುವ ಟೈಲ್‌ಗಳನ್ನು, ಮುಖ್ಯವಾಗಿ One-handed mode ಮತ್ತು ಪರದೆ ತಿರುಗಿಸುವುದು, ಪೆನ್ಸಿಲ್ ಚಿಹ್ನೆ ಮುಟ್ಟಿ ತಿದ್ದುವ ಪುಟದಲ್ಲಿ ಎರಡನೇ ಪುಟಕ್ಕೆ ಎಳೆಸಿದೆ.

ಟೈಲ್‌ಗಳಿರುವ ಆ ಪಟ್ಟಿಯನ್ನು ಮೇಲಿನ ಅಂಚಿನಿಂದ ಎಳೆಯುವುದೇ ಕಷ್ಟ ಎಂಬ ಮಾತಿಗೆ ಉತ್ತರ ಇದೇ ಜಾರಿಕೆಯಲ್ಲಿದೆ. ಪರದೆ ಇಳಿದಾಗ ಗಡಿಯಾರ, ಬ್ಯಾಟರಿ ಇರುವ ಮೇಲ್ಪಟ್ಟಿಯೂ ಜೊತೆಗೇ ಮಧ್ಯಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಕ್ಕೆ ಎಳೆದರೆ ಟೈಲ್‌ಗಳು ಹೆಬ್ಬೆರಳಿನ ಕೆಳಗೇ ಬರುತ್ತವೆ. ಮುಟ್ಟದೆ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಪರದೆ ತಾನಾಗಿ ಮೇಲಕ್ಕೆ ಹೋಗುತ್ತದೆ, ಮೇಲಿನ ಖಾಲಿ ಜಾಗ ತಟ್ಟಿದರೂ ಹೋಗುತ್ತದೆ. ‘ಇಳಿದದ್ದು ನಿಲ್ಲುತ್ತಿಲ್ಲ’ ಎಂಬುದು ದೋಷವಲ್ಲ, ಅದರ ಸ್ವಭಾವ.

ಮಿತಿಯನ್ನೂ ಹೇಳಬೇಕು. ಪರದೆ ಇಳಿದಾಗ ಕೆಳಗಿನ ಭಾಗ ಪರದೆಯಾಚೆ ಜಾರಿಹೋಗಿರುತ್ತದೆ. ಆದ್ದರಿಂದ ಇದು ಮೇಲಿನದೊಂದನ್ನು ಮುಟ್ಟಿ ಬರುವ ಕೆಲಸಕ್ಕೆ, ಬರೆಯುವುದಕ್ಕಲ್ಲ. ಬರೆಯಲು ಕೀಬೋರ್ಡನ್ನೇ ಒಂದು ಬದಿಗೆ ಸರಿಸಿಕೊಳ್ಳಬೇಕು. Gboard ಬಳಸುವವರಿಗೆ ಕೀಲಿಗಳ ಮೇಲಿನ ಚೌಕಗಳ ಮೆನುವಿನಲ್ಲಿ One-handed ಎಂದೇ ಇದೆ. ಹೆಸರು ಅದೇ ಆದರೂ ಇಷ್ಟು ಹೊತ್ತು ಹೇಳಿದ ಯಾವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕೀಬೋರ್ಡ್ ಒಂದು ಬದಿಗೆ ಅಂಟಿಕೊಂಡು ವಾಪಸ್ ಬರದಿದ್ದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಹುಡುಕಬೇಡಿ, ಕೀಬೋರ್ಡ್‌ನ ಪಕ್ಕದ ಖಾಲಿ ಜಾಗದಲ್ಲೇ ಹಿಗ್ಗಿಸುವ ಚಿಹ್ನೆ ಇರುತ್ತದೆ.

ವಾರದ ನಂತರ ಅಕ್ಕನ ಮನೆಗೆ ಹೋದಾಗ ಫೋನ್ ಕೇಳಿ ತಳ ನೋಡಿದೆ. ಗೆರೆ ಇತ್ತು. ಎಳೆದೆ, ಇಳಿಯಿತು. ಬಲ ಅಂಚಿನ ಬಾಣ ದಿನಕ್ಕೆ ಒಂದೆರಡು ಸಲ ಈಗಲೂ ಬರುತ್ತದಂತೆ. “ಬರಲಿ ಬಿಡು, ಈಗ ಹೆಬ್ಬೆರಳನ್ನ ಅಷ್ಟು ದೂರ ಚಾಚೋದೇ ಇಲ್ಲ, ಇಳಿಸಿಕೊಂಡೇ ಮುಟ್ತೀನಿ” ಅಂದಳು.